ಬಾಯಿ ಹುಣ್ಣು, ತುಟಿ ಗುಳ್ಳೆ ಎರಡೂ ಒಂದೇನಾ? ಮುಂದಿನ ವಾರ ಅಕ್ಕನ ಮಗುವಿನ ನಾಮಕರಣ ಇದೆ

ಸಕಲೇಶಪುರದ_ಸಿರಿ

ಎಲ್ಲರಿಗೂ ನಮಸ್ಕಾರ. ನನಗೆ ಬಾಯಿ ಹುಣ್ಣು ಹೊಸದಲ್ಲ. ಕಾಲೇಜು ದಿನಗಳಿಂದಲೂ ಆಗಾಗ ಕೆಳತುಟಿಯ ಒಳಗೆ ಇಲ್ಲವೇ ನಾಲಿಗೆಯ ಪಕ್ಕದಲ್ಲಿ ಒಂದು ಏಳುತ್ತದೆ. ಒಂದು ವಾರ ಸಾರು ಮುಟ್ಟೋಕೆ ಆಗಲ್ಲ. ಆಮೇಲೆ ತಾನಾಗಿಯೇ ಮಾಯುತ್ತದೆ. ಇದಕ್ಕೆ ಒಗ್ಗಿಹೋಗಿದ್ದೇನೆ.

ಈ ಸಲ ಬೇರೆ ಥರ ಆಗಿದೆ. ಹೋದ ವಾರ ಗೆಳತಿಯರ ಜೊತೆ ಹಂಪಿಗೆ ಹೋಗಿದ್ದೆ. ಬಿಸಿಲು ಜೋರಿತ್ತು. ವಾಪಸ್ ಬಂದ ಮೇಲೆ ಮೇಲ್ದುಟಿಯ ಬಲಗಡೆ ಅಂಚಿನಲ್ಲಿ ಜುಮ್ ಜುಮ್ ಅನ್ನಿಸಿತು. ಮರುದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಸಾಸಿವೆ ಗಾತ್ರದ ಗುಳ್ಳೆಗಳು, ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಎದ್ದಿವೆ. ಒಳಗೆ ನೀರು ಕಾಣುತ್ತದೆ. ಅದೇ ಹೊತ್ತಿಗೆ ಕೆಳತುಟಿಯ ಒಳಗೆ ನನ್ನ ಮಾಮೂಲಿ ಹುಣ್ಣೂ ಒಂದಿದೆ.

ಮೆಡಿಕಲ್ ಶಾಪಿನವರು ಎರಡಕ್ಕೂ ಒಂದೇ ಟ್ಯೂಬ್ ಕೊಟ್ಟರು, ಟ್ರಯಾಮ್ಸಿನೊಲೋನ್ ಅಂತ ಬರೆದಿದೆ. ಜೊತೆಗೆ ಬಿ ಕಾಂಪ್ಲೆಕ್ಸ್ ಮಾತ್ರೆ. ಇನ್ನೂ ಹಚ್ಚಿಲ್ಲ. ಮುಂದಿನ ಭಾನುವಾರ ಅಕ್ಕನ ಮಗುವಿನ ನಾಮಕರಣ. ಕೂಸಿಗೆ ಒಂದೂವರೆ ತಿಂಗಳು. ಇದು ಅಂಟುತ್ತದೆಯೇ? ಮನೆಯಲ್ಲೇ ಏನು ಮಾಡಬಹುದು?

ಮಧ್ಯಾಹ್ನದ_ಮಜ್ಜಿಗೆ

ಅಯ್ಯೋ ಮಗಳೇ, ಇದು ಉಷ್ಣ. ಹಂಪಿ ಬಿಸಿಲಲ್ಲಿ ತಿರುಗಿದರೆ ಇನ್ನೇನಾಗುತ್ತೆ? ಒಳಗಿನ ಉಷ್ಣ ಒಂದು ಬಾಯೊಳಗೆ, ಒಂದು ಹೊರಗೆ ಎದ್ದಿದೆ ಅಷ್ಟೆ. ಗಸಗಸೆ ಪಾಯಸ ಮಾಡಿ ಕುಡಿ, ರಾತ್ರಿ ಅಂಗಾಲಿಗೆ ಹರಳೆಣ್ಣೆ ಹಚ್ಚು. ಗಣಿಕೆ ಸೊಪ್ಪು ಸಿಕ್ಕಿದರೆ ತಂಬುಳಿ ಮಾಡು. ನಮ್ಮ ಮನೆಯಲ್ಲಿ ಮಕ್ಕಳಿಗೆಲ್ಲ ಇದೇ.

ಬಿಸಿಲೂರು_ಬಸು

ಸುಲಭ ಲೆಕ್ಕ ರೀ. ಹೊರಗೆ ಬಂದ್ರೆ ಹರ್ಪಿಸ್, ಒಳಗೆ ಬಂದ್ರೆ ಸಾದಾ ಹುಣ್ಣು. ಹೊರಗಿನದು ವೈರಸ್ಸು, ಅಂಟುತ್ತೆ. ಒಳಗಿನದು ಅಂಟಲ್ಲ. ಎಸೈಕ್ಲೊವಿರ್ ಕ್ರೀಮು ಎರಡಕ್ಕೂ ಹಚ್ಚಿ, ಯಾವುದಾದರೂ ಒಂದಕ್ಕೆ ತಾಗುತ್ತೆ.

ದಂತಾಕ್ಷರ

ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್. ಸಿರಿ ಅವರೇ, ಮೊದಲು ಒಂದು ವಿಷಯ: ಆ ಟ್ಯೂಬನ್ನು ತುಟಿಯ ಹೊರಗಿನ ಗುಳ್ಳೆಗೆ ಹಚ್ಚಬೇಡಿ. ಅದು ಸ್ಟೀರಾಯ್ಡ್. ಬಾಯೊಳಗಿನ ಹುಣ್ಣಿಗೆ ಒಳ್ಳೆಯ ಔಷಧಿಯೇ. ಆದರೆ ವೈರಸ್ ಇರುವ ಜಾಗಕ್ಕೆ ಬರೀ ಸ್ಟೀರಾಯ್ಡ್ ಹಚ್ಚಿದರೆ ಆ ಜಾಗದ ರಕ್ಷಣೆ ಕುಗ್ಗಿ ವೈರಸ್ಸಿಗೆ ಅನುಕೂಲ ಆಗುತ್ತದೆ, ಗುಳ್ಳೆ ಹರಡಬಹುದು.

ನೀವು ಹೇಳಿದ್ದರಲ್ಲಿ ಮೂರು ಸುಳಿವು ಸಿಕ್ಕಿತು. ಗುಳ್ಳೆ ಏಳುವ ಮೊದಲೇ ಜುಮ್ ಅಂದಿದೆ. ಎದ್ದಾಗ ಒಂದೇ ಹುಣ್ಣಲ್ಲ, ನೀರು ತುಂಬಿದ ಗುಂಪು. ಮತ್ತು ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆಯ ಮೇಲೆ ಬಂದಿದೆ. ಹಂಪಿಯ ಬಿಸಿಲೂ ಸೇರಿದರೆ ಇದು ಹರ್ಪಿಸ್ ಸಿಂಪ್ಲೆಕ್ಸ್ ಅಂತ ಬಹುತೇಕ ಹೇಳಬಹುದು. ಒಳಗಿನದು ಬೇರೆ ಕಥೆ. ಅಲ್ಲಿ ಗುಳ್ಳೆ ಏಳುವುದೇ ಇಲ್ಲ, ಒಂದು ಕಡೆ ಉರಿದು ನೇರವಾಗಿ ಹುಣ್ಣೇ ಆಗುತ್ತದೆ. ದುಂಡಗೆ, ಆಳವಿಲ್ಲದ ಹಳ್ಳ, ತಳದಲ್ಲಿ ಹಳದಿ ಮಿಶ್ರಿತ ಬಿಳಿ ಪದರ, ಸುತ್ತ ಕೆಂಪು ಬಳೆ. ನಿಮ್ಮದು ಹಾಗೇ ಇದೆಯೇ?

ಬಸು ಅವರೇ, ನಿಮ್ಮ ಲೆಕ್ಕ ಅರ್ಧ ಸರಿ. ಹರ್ಪಿಸ್ ಬಾಯೊಳಗೂ ಮರುಕಳಿಸುತ್ತದೆ. ಆದರೆ ಎಲ್ಲಿ ಅಂತ ನೋಡಬೇಕು. ಬೆರಳಿನಿಂದ ಕೆನ್ನೆಯ ಒಳಬದಿ, ತುಟಿಯ ಒಳಬದಿ ಎಳೆದು ನೋಡಿ, ಜಾರುತ್ತದೆ. ಹಲ್ಲಿನ ಬುಡಕ್ಕೆ ಅಂಟಿದ ಒಸಡು ಮತ್ತು ಮೇಲಿನ ಗಟ್ಟಿ ಅಂಗುಳ ಜಾರುವುದಿಲ್ಲ, ಮೂಳೆಗೆ ಬಿಗಿದುಕೊಂಡಿರುತ್ತವೆ. ಸಾದಾ ಬಾಯಿ ಹುಣ್ಣು ಜಾರುವ ಜಾಗಗಳಲ್ಲಿ ಬರುತ್ತದೆ. ಬಾಯೊಳಗೆ ಮರುಕಳಿಸುವ ಹರ್ಪಿಸ್ ಸಾಮಾನ್ಯವಾಗಿ ಜಾರದ ಜಾಗಗಳಲ್ಲಿ, ಸೂಜಿ ಮೊನೆಯಂಥ ಪುಟ್ಟ ಹುಣ್ಣುಗಳ ಗುಂಪಾಗಿ ಬರುತ್ತದೆ. ಒಂದು ಎಚ್ಚರಿಕೆ: ಕೀಮೋಥೆರಪಿ ತಗೊಳ್ಳುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರಲ್ಲಿ ಹರ್ಪಿಸ್ ಎಲ್ಲಿ ಬೇಕಾದರೂ ಬರಬಹುದು. ಅವರಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಎಸೈಕ್ಲೊವಿರ್ ಅನ್ನು ಸಾದಾ ಹುಣ್ಣಿಗೆ ಹಚ್ಚಿದರೆ ಏನೂ ಆಗುವುದಿಲ್ಲ. ಅಲ್ಲಿ ಕೊಲ್ಲಲು ವೈರಸ್ಸೇ ಇಲ್ಲ.

ಸಕಲೇಶಪುರದ_ಸಿರಿ

ಹೌದು ಡಾಕ್ಟ್ರೇ, ಒಳಗಿನದು ನೀವು ಹೇಳಿದ ಹಾಗೇ ಇದೆ, ಕೆಂಪು ಬಳೆ ಸಹಿತ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಆದರೆ ಹರ್ಪಿಸ್ ಅನ್ನೋ ಹೆಸರು ಕೇಳಿ ಕೈಕಾಲು ತಣ್ಣಗಾಯಿತು. ಮನೆಯಲ್ಲಿ ಹೇಳೋದು ಹೇಗೆ?

ದಂತಾಕ್ಷರ

ಗಾಬರಿ ಬೇಡ. ಇದು ಹೆಚ್ಚಾಗಿ ಚಿಕ್ಕಂದಿನಲ್ಲೇ, ಯಾರೋ ಮುದ್ದು ಮಾಡಿದಾಗ ಬಂದು ಸೇರುವ ಟೈಪ್ 1 ವೈರಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ. ಅಂದರೆ ಆ ವಯಸ್ಸಿನ ಮೂವರಲ್ಲಿ ಸುಮಾರು ಇಬ್ಬರು. ಬಹಳ ಜನರಿಗೆ ಗುಳ್ಳೆ ಏಳುವುದೇ ಇಲ್ಲ, ಇದೆ ಅಂತ ಗೊತ್ತೂ ಇರಲ್ಲ.

ಒಮ್ಮೆ ಬಂದ ವೈರಸ್ ಕಿವಿಯ ಮುಂದೆ ತಲೆಬುರುಡೆಯ ಒಳಗಿರುವ, ಮುಖದ ಸ್ಪರ್ಶ ತಿಳಿಸುವ ನರದ ಗಂಟಿನಲ್ಲಿ ಸುಮ್ಮನೆ ಮಲಗಿರುತ್ತದೆ. ಬಿಸಿಲು, ಜ್ವರ, ಮುಟ್ಟು, ತುಂಬ ದಣಿವು, ಕೆಲವೊಮ್ಮೆ ನಮ್ಮಂಥವರು ಹಲ್ಲಿನ ಚಿಕಿತ್ಸೆಯಲ್ಲಿ ತುಟಿ ಎಳೆದಾಡಿದ್ದು, ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಎಬ್ಬಿಸುತ್ತದೆ. ಆಗ ನರದ ದಾರಿ ಹಿಡಿದು ತುಟಿಗೆ ಇಳಿಯುತ್ತದೆ. ಅದಕ್ಕೇ ಪ್ರತಿಸಲವೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಬರುವುದು. ಸಾದಾ ಬಾಯಿ ಹುಣ್ಣು ಹಾಗಲ್ಲ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ.

ಈಗ ನಿಮ್ಮ ನಾಮಕರಣದ ಲೆಕ್ಕ. ಜುಮ್ ಅಂದ ದಿನವನ್ನು ಮೊದಲ ದಿನ ಅಂತ ಇಟ್ಟುಕೊಳ್ಳಿ. ಎರಡು, ಮೂರನೇ ದಿನ ಗುಳ್ಳೆ. ಆಮೇಲೆ ಒಡೆದು ರಸ ಬರುತ್ತದೆ. ಇದೇ ಅತಿ ಹೆಚ್ಚು ಅಂಟುವ ಹೊತ್ತು. ನಾಲ್ಕೈದನೇ ದಿನಕ್ಕೆ ಹಳದಿ ಹಕ್ಕಳೆ ಕಟ್ಟುತ್ತದೆ. ಏಳರಿಂದ ಹತ್ತು ದಿನದಲ್ಲಿ ಹಕ್ಕಳೆ ಉದುರಿ ಹೊಸ ಚರ್ಮ ಕಾಣುತ್ತದೆ. ಭಾನುವಾರಕ್ಕೆ ನೀವು ಒಂಬತ್ತನೇ ದಿನದ ಸುಮಾರಿಗೆ ಇರುತ್ತೀರಿ. ಅಂದರೆ ಅಂಚಿನಲ್ಲಿದ್ದೀರಿ.

ಹಕ್ಕಳೆ ಪೂರ್ತಿ ಉದುರಿ ಒಣಗಿದ್ದರೆ ಹೋಗಿ. ಉದುರಿರದಿದ್ದರೆ ಹೋದರೂ ಮಗುವನ್ನು ಎತ್ತಿಕೊಳ್ಳಬೇಡಿ, ಮುತ್ತಂತೂ ಬೇಡವೇ ಬೇಡ. ದೊಡ್ಡವರಿಗೆ ತುಟಿಯ ಗುಳ್ಳೆ ಸಣ್ಣ ವಿಷಯ. ಎಳೆಗೂಸಿಗೆ ಅದೇ ವೈರಸ್ ಮಿದುಳು, ಯಕೃತ್ತಿನವರೆಗೂ ಹೋಗಬಹುದು, ಜೀವಕ್ಕೇ ಅಪಾಯ. ಹುಟ್ಟಿದ ಮೊದಲ ನಾಲ್ಕಾರು ವಾರ ಅತಿ ನಾಜೂಕು. ಒಂದೂವರೆ ತಿಂಗಳಿಗೆ ಆ ಅವಧಿ ಈಗಷ್ಟೇ ದಾಟುತ್ತಿದೆ.

ಪುಟ್ಟನ_ಅಮ್ಮ

ಇದನ್ನು ಓದಿ ಬರೆಯಲೇಬೇಕು ಅನ್ನಿಸಿತು. ನನ್ನ ಮಗನಿಗೆ ಎರಡು ವರ್ಷವಾಗಿದ್ದಾಗ ಜೋರು ಜ್ವರ ಬಂತು. ಒಸಡು ಊದಿ ಕೆಂಪಗೆ, ಮುಟ್ಟಿದರೆ ರಕ್ತ. ಬಾಯಿ ತುಂಬ ಪುಟ್ಟ ಹುಣ್ಣು. ಜೊಲ್ಲು ಸುರಿಯುತ್ತಿತ್ತು, ಹಾಲು ಕೊಟ್ಟರೆ ಕಿರುಚುತ್ತಿದ್ದ. ಮನೆಯಲ್ಲಿ ಎಲ್ಲರೂ ಹಲ್ಲು ಬರ್ತಿದೆ ಅಂದರು. ಮಕ್ಕಳ ಡಾಕ್ಟರು ನೋಡಿ, ಇದು ಮೊದಲ ಸಲ ಹರ್ಪಿಸ್ ತಗುಲಿದ್ದು ಅಂದರು. ಉಚ್ಚೆ ಹೋಗುವುದು ಕಡಿಮೆ ಆಗಿದೆಯಾ ಅಂತ ಪದೇ ಪದೇ ಕೇಳಿದರು. ನೀರು ಇಳಿಯದೆ ಸೊರಗುವುದೇ ಮುಖ್ಯ ಭಯ ಅಂತೆ. ತಣ್ಣಗಿನ ಗಂಜಿ ತಿಳಿ, ಎಳನೀರು ಚಮಚ ಚಮಚವಾಗಿ ಕುಡಿಸಿದೆ. ಔಷಧಿಯೂ ಕೊಟ್ಟರು.

ಡಾಕ್ಟ್ರೇ, ಅವನಿಗೆ ಇನ್ನು ಮುಂದೆ ಸಿರಿ ಅವರ ಹಾಗೆ ತುಟಿ ಮೇಲೆ ಬರುತ್ತಾ ಇರುತ್ತಾ?

ದಂತಾಕ್ಷರ

ಬರಬಹುದು, ಬಾರದೆಯೂ ಇರಬಹುದು. ವೈರಸ್ ಒಳಗೆ ಉಳಿಯುತ್ತದೆ, ಆದರೆ ಮರುಕಳಿಸುವುದು ಕೆಲವರಿಗೆ ಮಾತ್ರ. ಯಾರಿಗೆ ಅಂತ ಮುಂಚೆಯೇ ಹೇಳಲು ಆಗುವುದಿಲ್ಲ. ನಿಮ್ಮ ಡಾಕ್ಟರು ಉಚ್ಚೆಯ ಬಗ್ಗೆ ಕೇಳಿದ್ದು ಬಹಳ ಸರಿ. ಏಳೆಂಟು ಗಂಟೆ ಡಯಾಪರ್ ಒಣಗಿಯೇ ಇದ್ದರೆ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು: ಹಲ್ಲು ಬರುವಾಗ ಹಚ್ಚುವ ನೋವಿನ ಜೆಲ್‌ಗಳಲ್ಲಿ ಕೋಲೀನ್ ಸ್ಯಾಲಿಸಿಲೇಟ್ ಇದ್ದರೆ ಮಕ್ಕಳಿಗೆ ಬೇಡ. ಆಸ್ಪಿರಿನ್ ಜಾತಿಯದು ಅದು.

ಮಧ್ಯಾಹ್ನದ_ಮಜ್ಜಿಗೆ

ಹಾಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳಾ ಡಾಕ್ಟ್ರೇ? ಗಸಗಸೆ ಪಾಯಸ ಕುಡಿದರೆ ನನ್ನ ಬಾಯಿ ಹುಣ್ಣು ನಾಲ್ಕೈದು ದಿನಕ್ಕೆ ತಣ್ಣಗಾಗುತ್ತೆ, ಇದು ಸತ್ಯ.

ದಂತಾಕ್ಷರ

ಸುಳ್ಳು ಅಂತ ನಾನು ಹೇಳುವುದಿಲ್ಲ ಅಮ್ಮ. ಹುಣ್ಣು ಇರುವಾಗ ಖಾರ, ಹುಳಿ, ಕುರುಕಲು ತಿಂಡಿ ಬಿಟ್ಟು ಪಾಯಸ, ತಂಬುಳಿ, ಮಜ್ಜಿಗೆ ಅನ್ನ ತಿಂದರೆ ಉರಿ ಖಂಡಿತ ಕಮ್ಮಿ. ಗಣಿಕೆ ಸೊಪ್ಪು ತಿನ್ನಲಿಕ್ಕೂ ಒಳ್ಳೆಯದೇ. ಸಣ್ಣ ಹುಣ್ಣು ಏನೂ ಮಾಡದಿದ್ದರೂ ಒಂದರಿಂದ ಎರಡು ವಾರದಲ್ಲಿ ಮಾಯುತ್ತದೆ. ಹಾಗಾಗಿ ಯಾವುದು ಗುಣ ಮಾಡಿತು ಅಂತ ಹೇಳುವುದು ಕಷ್ಟ. ನನ್ನ ತಕರಾರು ಒಂದೇ. ಎಲ್ಲವನ್ನೂ ಉಷ್ಣ ಅಂತ ಒಂದೇ ಹೆಸರಲ್ಲಿ ಕರೆದರೆ, ಅಂಟುವುದು ಯಾವುದು, ಅಂಟದ್ದು ಯಾವುದು ಅನ್ನೋ ವ್ಯತ್ಯಾಸ ಮರೆಯಾಗುತ್ತದೆ.

ಮಧ್ಯಾಹ್ನದ_ಮಜ್ಜಿಗೆ

ಕೂಸಿನ ವಿಷಯದಲ್ಲಿ ಒಪ್ಪಿದೆ. ಪಾಯಸದ ವಿಷಯದಲ್ಲಿ ಒಪ್ಪಲ್ಲ.

ಸಿಡ್ನಿಯ_ಶಶಿ

ನನಗೂ ತುಟಿ ಗುಳ್ಳೆ ಇದೆ, ಸಿರಿ. ಊರಲ್ಲಿದ್ದಾಗ ಜ್ವರ ಬಂದಾಗ ಮಾತ್ರ ಬರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಬೇಸಿಗೆಯಲ್ಲಿ ಕ್ರಿಕೆಟ್ ಆಡಿದಾಗೆಲ್ಲ ಶುರು. ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಹಚ್ಚೋಕೆ ಶುರು ಮಾಡಿದ ಮೇಲೆ ಬಹಳ ಕಮ್ಮಿಯಾಗಿದೆ. ಬೆಳಿಗ್ಗೆ ಒಂದು ಸಲ ಹಚ್ಚಿದರೆ ಸಾಲದು. ನೀರು ಕುಡಿದರೆ, ತುಟಿ ಒರೆಸಿದರೆ ಹೋಗುತ್ತದೆ, ಮತ್ತೆ ಹಚ್ಚಬೇಕು. ಗುಳ್ಳೆ ಇರುವಾಗ ಬಾಮ್ ಕಡ್ಡಿಯನ್ನು ನೇರವಾಗಿ ಉಜ್ಜಬೇಡಿ. ಕಿವಿ ಕಡ್ಡಿಯಲ್ಲಿ ತೆಗೆದು ಹಚ್ಚಿ, ಕಡ್ಡಿ ಎಸೆಯಿರಿ.

ಲೈಸಿನ್ ಮಾತ್ರೆಯನ್ನೂ ತಗೊಳ್ತೀನಿ. ನನಗೆ ಕೆಲಸ ಮಾಡಿದೆ.

ದಂತಾಕ್ಷರ

ಬಿಸಿಲಿನ ಬಗ್ಗೆ ಶಶಿ ಹೇಳಿದ್ದು ನೂರಕ್ಕೆ ನೂರು ಸರಿ. ಲೈಸಿನ್ ಬಗ್ಗೆ ನನಗೆ ಭರವಸೆ ಇಲ್ಲ. ಅದರ ಪುರಾವೆ ಬಲವಾಗಿಲ್ಲ, ನನ್ನ ರೋಗಿಗಳಿಗೆ ನಾನು ಬರೆಯುವುದಿಲ್ಲ.

ಸಿರಿ ಅವರೇ, ಹೊರಗಿನ ಗುಳ್ಳೆಗೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ತಣ್ಣೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ದಿನಕ್ಕೆ ಕೆಲವು ಸಲ ಐದು ಹತ್ತು ನಿಮಿಷ ಇಡಿ. 5% ಎಸೈಕ್ಲೊವಿರ್ ಕ್ರೀಮನ್ನು ಎಚ್ಚರ ಇರುವಷ್ಟು ಹೊತ್ತು ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಐದು ಸಲ, ನಾಲ್ಕೈದು ದಿನ ಹಚ್ಚಬೇಕು. ಅದರಿಂದ ಸಿಗುವ ಲಾಭ ದೊಡ್ಡದಲ್ಲ, ಅರ್ಧ ದಿನವೋ ಒಂದು ದಿನವೋ ಬೇಗ ಮಾಯುತ್ತದೆ. ಅದೂ ಜುಮ್ ಅನ್ನುವಾಗಲೇ ಶುರು ಮಾಡಿದರೆ. ಹಕ್ಕಳೆ ಕಟ್ಟಿದ ಮೇಲೆ ಹಚ್ಚಿ ಪ್ರಯೋಜನವಿಲ್ಲ. ಆಗ ಪೆಟ್ರೋಲಿಯಂ ಜೆಲ್ಲಿ ಸಾಕು, ಹಕ್ಕಳೆ ಒಣಗಿ ಬಿರುಕು ಬಿಟ್ಟು ರಕ್ತ ಬರದ ಹಾಗೆ ನೋಡಿಕೊಳ್ಳುತ್ತದೆ. ಕೀಳಬೇಡಿ. ಟವೆಲ್, ಲೋಟ, ಲಿಪ್‌ಸ್ಟಿಕ್ ಬೇರೆ ಇಡಿ. ಹಚ್ಚುವ ಮುಂಚೆ, ಹಚ್ಚಿದ ಮೇಲೆ ಎರಡೂ ಸಲ ಸೋಪಿನಿಂದ ಕೈ ತೊಳೆಯಿರಿ.

ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು. ಕಣ್ಣಿನ ಹನಿಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ, ಅದರಲ್ಲೂ ಸ್ಟೀರಾಯ್ಡ್ ಇರಬಹುದು.

ವರ್ಷಕ್ಕೆ ಹಲವು ಸಲ ಬಂದರೆ ಮಾತ್ರೆ ಇದೆ. ವಾಲಾಸೈಕ್ಲೊವಿರ್ 2 ಗ್ರಾಂ, ಹನ್ನೆರಡು ಗಂಟೆ ಬಿಟ್ಟು ಮತ್ತೆ 2 ಗ್ರಾಂ, ಒಂದೇ ದಿನದ ಕೋರ್ಸು. ಇದು ಕ್ರೀಮಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಚೀಟಿ ಇಲ್ಲದೆ ಬೇಡ. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಬೇರೆ.

ಬಿಸಿಲೂರು_ಬಸು

ಒಳಗಿನ ಹುಣ್ಣಿಗೆ ಆ ಸ್ಟೀರಾಯ್ಡ್ ಟ್ಯೂಬ್ ನಾನೂ ಹಚ್ಚೀನಿ. ನಿಲ್ಲೋದೇ ಇಲ್ಲ ರೀ. ಹಚ್ಚಿದ ಐದು ನಿಮಿಷಕ್ಕೆ ಉಂಡೆ ಉಂಡೆಯಾಗಿ ಬಾಯಿಗೆ ಬರುತ್ತೆ.

ದಂತಾಕ್ಷರ

ಉಜ್ಜುತ್ತಿದ್ದೀರಿ, ಅದಕ್ಕೇ. ಊಟ ಆಗಿ ಬಾಯಿ ಮುಕ್ಕಳಿಸಿದ ಮೇಲೆ ಶುದ್ಧ ಹತ್ತಿಯಿಂದ ಹುಣ್ಣಿನ ಮೇಲಿನ ಎಂಜಲು ಒತ್ತಿ ಒಣಗಿಸಿ. ಒದ್ದೆ ಜಾಗಕ್ಕೆ ಪೇಸ್ಟ್ ಅಂಟುವುದೇ ಇಲ್ಲ. ಜೋಳದ ಕಾಳಿನಷ್ಟು ತಗೊಂಡು ಮೇಲೆ ಒತ್ತಿ ಬಿಡಿ. ಸ್ವಲ್ಪ ಹೊತ್ತಿಗೆ ತೆಳು ಪದರ ಆಗಿ ನುಣುಪಾಗುತ್ತದೆ. ಬೆರಳಾಡಿಸಿದರೆ ಮರಳಿನ ಹಾಗೆ ಉದುರುತ್ತದೆ. ಮಲಗುವ ಮುಂಚೆ ಒಂದು ಸಲ ಮುಖ್ಯ, ರಾತ್ರಿಯಿಡೀ ಅಲ್ಲೇ ಉಳಿಯುತ್ತದೆ. ಹಗಲು ಊಟದ ಮೇಲೆ ಎರಡು ಸಲ. ಒಂದು ವಾರಕ್ಕೆ ಏನೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ ತೋರಿಸಿ.

ಟ್ಯೂಬ್ ಬೇಡ ಅನ್ನುವವರು ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಲಿ. ಉಪ್ಪು ಉರಿದರೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ನೋಡಿ. ಉಪ್ಪಿನ ಹರಳನ್ನೇ ಹುಣ್ಣಿನ ಮೇಲೆ ಒತ್ತುವವರಿದ್ದಾರೆ, ದಯವಿಟ್ಟು ಬೇಡ. ಅಕ್ಕಪಕ್ಕದ ಚೆನ್ನಾಗಿರುವ ಚರ್ಮವೂ ಸುಟ್ಟು ಹುಣ್ಣು ದೊಡ್ಡದಾಗುತ್ತದೆ.

ಲೆಕ್ಕದ_ಮೇಷ್ಟ್ರು

ಮೂಲ ಪ್ರಶ್ನೆಗೆ ಬರೋಣ. ಸಿರಿಯವರಿಗೆ ಒಳಗಿನ ಹುಣ್ಣು ಪದೇ ಪದೇ ಯಾಕೆ ಬರುತ್ತಿದೆ? ನನಗೂ ಹೀಗೇ ಆಗುತ್ತಿತ್ತು. ನಾನು ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ನುಂಗುತ್ತಿದ್ದೇನೆ. ಎಲ್ಲರೂ ಬಿ ಕಾಂಪ್ಲೆಕ್ಸ್ ತಗೋ ಅಂದರು. ತಗೊಂಡೆ, ಏನೂ ಆಗಲಿಲ್ಲ. ಕೊನೆಗೆ ಫಿಸಿಷಿಯನ್ ಒಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಬಿ 12 ತೀರಾ ಕೆಳಗಿತ್ತು. ಮೆಟ್‌ಫಾರ್ಮಿನ್ ಬಿ 12 ಒಳಸೇರುವುದನ್ನು ತಗ್ಗಿಸುತ್ತದಂತೆ. ಇಂಜೆಕ್ಷನ್ ಕೊಟ್ಟ ಮೇಲೆ ಕಾಲಿನ ಜೋಮು ಕಮ್ಮಿಯಾಯಿತು, ಹುಣ್ಣೂ ಅಪರೂಪವಾಯಿತು. ಅಳೆಯದೆ ಮಾತ್ರೆ ನುಂಗುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ದಂತಾಕ್ಷರ

ಮೇಷ್ಟ್ರೇ, ಒಳ್ಳೆಯ ಮಾತು. ಬಿ ಕಾಂಪ್ಲೆಕ್ಸ್ ಕೊರತೆ ಇದ್ದವರಿಗೆ ಸಹಾಯ, ಇಲ್ಲದವರಿಗೆ ಉಚ್ಚೆಯ ಬಣ್ಣ ಹಳದಿ, ಅಷ್ಟೆ. ಸಿರಿ ಅವರೇ, ವರ್ಷಗಳಿಂದ ಮರುಕಳಿಸುತ್ತಿದೆ ಅಂದರೆ ಒಮ್ಮೆ ರಕ್ತಕಣ ಎಣಿಸುವ ಸಿಬಿಸಿ, ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ 12, ಫೋಲೇಟ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದೆ ಅಂತ ಸುಮ್ಮನಾಗಬೇಡಿ. ಅದು ಇಳಿಯುವ ಮೊದಲೇ ಫೆರಿಟಿನ್ ಖಾಲಿಯಾಗಿರುತ್ತದೆ.

ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡಿ: ಹುಣ್ಣು ಎದ್ದ ದಿನ, ಜಾಗ, ಹಿಂದಿನ ಎರಡು ದಿನ ಏನಾಯಿತು. ಕೆನ್ನೆ ಕಚ್ಚಿಕೊಂಡಿದ್ದಿರಾ, ಬ್ರಷ್ ಜಾರಿ ತಗುಲಿತಾ, ನಿದ್ದೆಗೆಟ್ಟಿತಾ, ಮುಟ್ಟಿಗೆ ಮುಂಚಿನ ವಾರವಾ. ಅದೇ ಜಾಗದಲ್ಲಿ ಮೇಲಿಂದ ಮೇಲೆ ಬರುತ್ತಿದ್ದರೆ ಎದುರಿನ ಹಲ್ಲನ್ನು ನಾಲಿಗೆಯಿಂದ ತಡವಿ ನೋಡಿ. ಮುರಿದ ಅಂಚು ಇದ್ದರೆ ನಾವು ಉಜ್ಜಿ ನುಣುಪು ಮಾಡುತ್ತೇವೆ, ಕೆಲವರಿಗೆ ಅಷ್ಟರಲ್ಲೇ ಮುಗಿಯುತ್ತದೆ.

ಅಡಿಕೆ_ತೋಟದಿಂದ

ನಮ್ಮ ತಂದೆಗೂ ಇದೇ ತೊಂದರೆ. ಎಡ ಕೆನ್ನೆ ಒಳಗೆ ಹುಣ್ಣು, ಎರಡು ತಿಂಗಳಾಯಿತು. ನೋವೇನೂ ಜಾಸ್ತಿ ಇಲ್ಲ ಅಂತಾರೆ. ಎಲೆ ಅಡಿಕೆ ಹೊಗೆಸೊಪ್ಪು ಅಭ್ಯಾಸ ಇದೆ, ಆ ಕಡೆಯೇ ಇಟ್ಟುಕೊಳ್ಳೋದು. ಇತ್ತೀಚೆಗೆ ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲು ಆಗಲ್ಲ. ಉಪ್ಪುನೀರು ದಿನಕ್ಕೆ ಎಷ್ಟು ಸಲ ಮುಕ್ಕಳಿಸಬೇಕು?

ದಂತಾಕ್ಷರ

ಸರ್, ನಿಮ್ಮ ತಂದೆಯದು ಇಲ್ಲಿ ಮಾತಾಡುತ್ತಿರುವ ಎರಡೂ ಅಲ್ಲ. ಉಪ್ಪುನೀರಿನ ಪ್ರಶ್ನೆ ಬಿಡಿ. ಮೂರು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಹೊಗೆಸೊಪ್ಪು ಇಡುವ ಜಾಗದಲ್ಲೇ ಇದೆ, ನೋವು ಕಮ್ಮಿ ಇದೆ, ಬಾಯಿ ಬಿಗಿದಿದೆ. ನೋವಿಲ್ಲ ಅನ್ನೋದು ಸಮಾಧಾನದ ವಿಷಯ ಅಲ್ಲ. ಸಾದಾ ಹುಣ್ಣು ಸಿಕ್ಕಾಪಟ್ಟೆ ನೋಯುತ್ತದೆ, ಕ್ಯಾನ್ಸರ್ ಹುಣ್ಣು ಶುರುವಿನಲ್ಲಿ ನೋಯದೇ ಇರಬಹುದು. ಬಾಯಿ ಬಿಗಿಯುವುದು ಅಡಿಕೆಯಿಂದ ಕೆನ್ನೆಯ ಒಳಗೆ ನಾರು ಕಟ್ಟುವ ಬೇರೆ ಕಾಯಿಲೆ ಇರಬಹುದು.

ಈ ವಾರವೇ ಹತ್ತಿರದ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಓರಲ್ ಮೆಡಿಸಿನ್ ವಿಭಾಗ ಅಂತ ಕೇಳಿ. ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡುತ್ತಾರೆ. ಹುಣ್ಣಿನ ಅಂಚು ಬೆರಳಿಗೆ ಗಟ್ಟಿಯಾಗಿ ಸಿಗುತ್ತದಾ, ದವಡೆ ಕೆಳಗೆ ಗಂಟು ಇದೆಯಾ ಅಂತ ಅವರೇ ನೋಡುತ್ತಾರೆ. ಅಲ್ಲಿಯವರೆಗೆ ಯಾವ ಸ್ಟೀರಾಯ್ಡ್ ಟ್ಯೂಬೂ ಬೇಡ.

ಅಡಿಕೆ_ತೋಟದಿಂದ

ಸರಿ ಡಾಕ್ಟ್ರೇ. ಅವರು ಬರೋಕೆ ಒಪ್ಪಲ್ಲ, ಆದರೂ ನಾಳೆ ತಮ್ಮನನ್ನೂ ಕರೆದುಕೊಂಡು ಮಣಿಪಾಲಕ್ಕೆ ಹೊರಡುತ್ತೇವೆ.

ಪುಟ್ಟನ_ಅಮ್ಮ

ದಯವಿಟ್ಟು ಏನಾಯಿತು ಅಂತ ಇಲ್ಲಿ ಬರೆಯಿರಿ. ಒಳ್ಳೆಯದಾಗಲಿ.

ಸಿಡ್ನಿಯ_ಶಶಿ

ಟೂತ್‌ಪೇಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಬಳಸಿದ ಮೇಲೆ ನನ್ನ ಹೆಂಡತಿಗೆ ಬಾಯಿ ಹುಣ್ಣು ಕಮ್ಮಿಯಾಯಿತು. ನನ್ನ ತುಟಿ ಗುಳ್ಳೆಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಲೆಕ್ಕದ_ಮೇಷ್ಟ್ರು

ನಾನೂ ಪೇಸ್ಟ್ ಬದಲಾಯಿಸಿದ್ದೆ ಸಾರ್, ನನಗೆ ಏನೂ ಆಗಲಿಲ್ಲ.

ದಂತಾಕ್ಷರ

ಇಬ್ಬರದ್ದೂ ನಿಜ ಇರಬಹುದು. ಆ ನೊರೆಯ ಅಂಶ ಕೆಲವರ ಬಾಯಿಯ ತೆಳು ಪದರವನ್ನು ಕೆರಳಿಸುತ್ತದೆ, ಎಲ್ಲರಿಗೂ ಅಲ್ಲ. ಅಧ್ಯಯನಗಳೂ ಒಂದೇ ಥರ ಹೇಳುವುದಿಲ್ಲ. ಖರ್ಚು ಜಾಸ್ತಿ ಇಲ್ಲದ್ದು, ಅಪಾಯವೂ ಇಲ್ಲ. ಎರಡು ಮೂರು ತಿಂಗಳು ಮಾಡಿ ನೋಡಿ. ಆದರೆ ಅದೇ ಹೊತ್ತಿಗೆ ಇನ್ನಾವುದನ್ನೂ ಬದಲಾಯಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಕಮ್ಮಿಯಾಯಿತು ಅಂತ ತಿಳಿಯುವುದಿಲ್ಲ.

ಸಕಲೇಶಪುರದ_ಸಿರಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಭಾನುವಾರಕ್ಕೆ ಹಕ್ಕಳೆಯ ಒಂದು ಚೂರು ಇನ್ನೂ ಅಂಟಿತ್ತು. ಅಕ್ಕನಿಗೆ ಮುಂಚೆಯೇ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವಳು ಸಲೀಸಾಗಿ ಒಪ್ಪಿದಳು. ಬೇಜಾರಾಗಿದ್ದು ಅತ್ತೆಗೆ, ತೊಟ್ಟಿಲ ಶಾಸ್ತ್ರಕ್ಕೆ ಚಿಕ್ಕಮ್ಮನೇ ದೂರ ನಿಂತರೆ ಹೇಗೆ ಅಂತ. ಮಾಸ್ಕ್ ಹಾಕಿಕೊಂಡು ಹೋದೆ, ಊಟ ಬಡಿಸುವ ಕೆಲಸ ವಹಿಸಿಕೊಂಡೆ, ಕೂಸಿನ ಹತ್ತಿರ ಹೋಗಲಿಲ್ಲ. ಅಕ್ಕ ಬಂದವರಿಗೆಲ್ಲ ಕೈ ತೊಳೆದು ಎತ್ತಿಕೊಳ್ಳಿ, ಮುಖಕ್ಕೆ ಮುತ್ತು ಬೇಡ ಅಂತ ಹೇಳಿಬಿಟ್ಟಳು. ಕೂಸು ಚೆನ್ನಾಗಿದೆ.

ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 11.8, ಫೆರಿಟಿನ್ 9, ಬಿ 12 ಮಾಮೂಲಿ. ಫಿಸಿಷಿಯನ್ ಕಬ್ಬಿಣದ ಮಾತ್ರೆ ಬರೆದರು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯಾ ಅಂತ ಕೇಳಿ ಸ್ತ್ರೀರೋಗ ತಜ್ಞರನ್ನೂ ನೋಡಲು ಹೇಳಿದರು. ಕಾಫಿ ಜೊತೆಗೆ ಮಾತ್ರೆ ನುಂಗಬೇಡ ಅಂದಾಗ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಕಂಡದ್ದು: ತಿಂಗಳ ಕೊನೆಯಲ್ಲಿ ಆಫೀಸಿನ ಲೆಕ್ಕ ಮುಗಿಸಲು ನಿದ್ದೆಗೆಡುವ ವಾರದಲ್ಲೇ ಒಳಗಿನ ಹುಣ್ಣು ಏಳುತ್ತಿದೆ. ಕಬ್ಬಿಣವಾ ನಿದ್ದೆಯಾ ಅಂತ ಇನ್ನೂ ಗೊತ್ತಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಸಂಕ್ರಾಂತಿಗೆ ಮತ್ತೆ ಊರು ಸುತ್ತುವ ಯೋಚನೆ ಇದೆ. ಆ ಒಂದು ದಿನದ ಮಾತ್ರೆಯನ್ನು ಮುಂಚೆಯೇ ಬರೆಸಿಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದಾ?

ದಂತಾಕ್ಷರ

ಅಕ್ಕನಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಇನ್ನು ಕೆಲವು ವಾರ ಕೂಸಿಗೆ ಜ್ವರ, ಹಾಲು ಕುಡಿಯದೆ ಮಂಕಾಗುವುದು, ಮೈಮೇಲೆ ನೀರ್ಗುಳ್ಳೆ, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ತುಟಿ ಗುಳ್ಳೆ ಇತ್ತು ಅಂತ ಹೇಳಲು ಅಕ್ಕನಿಗೆ ತಿಳಿಸಿ.

ಮಾತ್ರೆ ಇಟ್ಟುಕೊಳ್ಳಬಹುದು, ನಿಮ್ಮ ಫಿಸಿಷಿಯನ್ ಹತ್ತಿರ ಚೀಟಿ ಬರೆಸಿಕೊಳ್ಳಿ. ಗರ್ಭಿಣಿ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಅವರಿಗೆ ಮೊದಲೇ ಹೇಳಿ. ಜುಮ್ ಅಂದ ತಕ್ಷಣ ಮೊದಲ ಡೋಸ್, ಗುಳ್ಳೆ ಎದ್ದ ಮೇಲೆ ಅಂತ ಕಾಯಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಲಿಪ್ ಬಾಮನ್ನು ಅದೇ ಬ್ಯಾಗಿನಲ್ಲಿ ಮೇಲೇ ಇಡಿ, ಬಿಸಿಲಿಗೆ ಇಳಿಯುವ ಮುಂಚೆ ಹಚ್ಚಿ.

ಮಧ್ಯಾಹ್ನದ_ಮಜ್ಜಿಗೆ

ಸಂಕ್ರಾಂತಿಗೆ ಎಳ್ಳು ಬೆಲ್ಲ ಜಾಸ್ತಿ ತಿನ್ನಬೇಡ ಮಗಳೇ, ಅದೂ ಉಷ್ಣ.

ಅಡಿಕೆ_ತೋಟದಿಂದ

ಮಣಿಪಾಲಕ್ಕೆ ಹೋಗಿ ಬಂದೆವು. ತುಂಡು ತೆಗೆದಿದ್ದಾರೆ, ವರದಿ ಮುಂದಿನ ವಾರ. ಬಾಯಿ ತೆರೆಯುವುದನ್ನು ಸ್ಕೇಲಿನಲ್ಲಿ ಅಳೆದರು, 24 ಮಿಲಿಮೀಟರ್ ಬಂತು. ಹೊಗೆಸೊಪ್ಪು, ಅಡಿಕೆ ಎರಡನ್ನೂ ಇವತ್ತಿಂದಲೇ ಬಿಡಬೇಕು ಅಂದರು. ಅಪ್ಪ ಎಲೆ ಅಡಿಕೆ ಚೀಲವನ್ನು ಆಸ್ಪತ್ರೆ ಬಾಗಿಲಲ್ಲೇ ತಮ್ಮನ ಕೈಗೆ ಕೊಟ್ಟಿದ್ದಾರೆ. ವರದಿ ಬಂದ ಮೇಲೆ ಬರೆಯುತ್ತೇನೆ.